ಮೊಮ್ಮಗಳ ತರಕಾರಿ ಸರಿ

ನಾವು ಎಂದರೆ ನಾವಿಬ್ಬರು, ಅಜ್ಜ ಮತ್ತು ಅಜ್ಜಿ. ಹಾಸನದ ಕಡೆಯಿಂದ ಮುಂಬಯಿಗೆ ಬಂದು ಡೊಂಬಿವಲಿಯಲ್ಲಿ ಬೇರುಬಿಟ್ಟು 38 ವರ್ಷಗಳಾದುವು. ಇಬ್ಬರು ಮಕ್ಕಳನ್ನು ಇದೇ ಊರಿನ ಎರಡು ಕೋಣೆಯ ಮನೆಯಲ್ಲಿ ಬೆಳೆಸಿದವರು ನಾವು. ಆದುದರಿಂದ ಸೊಸೆಯ 26 ವಾರಗಳ ಹೆರಿಗೆ ರಜೆ ಮುಗಿದು, ಅವಳು ಮತ್ತೆ ಬೆಳಗಿನ 8-12ರ ಲೋಕಲ್ ಹಿಡಿಯಬೇಕಾಗಿ ಬಂದಾಗ ನಮಗೆ ಯಾವ ಅಳುಕೂ ಇರಲಿಲ್ಲ. ಮೊಮ್ಮಗಳಿಗೂ ಆಗತಾನೆ 6 ತಿಂಗಳು ತುಂಬಿತ್ತು. ಅನ್ನಪ್ರಾಶನದ ದಿನ ನಾಲಿಗೆಗೆ ಪಾಯಸ ಮುಟ್ಟಿಸಿದ್ದೂ ಆಗಿತ್ತು. ಇನ್ನು ಎದೆಹಾಲಿನ ಜೊತೆಗೆ ದಿನಕ್ಕೆ ಎರಡು ಹೊತ್ತು ತರಕಾರಿಯನ್ನೋ ಹಣ್ಣನ್ನೋ ಬೇಯಿಸಿ, ನುಣ್ಣಗೆ ಮಾಡಿ ತಿನ್ನಿಸಬೇಕು ಎಂದು ಮಕ್ಕಳ ವೈದ್ಯರು ಹೇಳಿದ್ದರು. ಸೊಸೆ ಅದನ್ನು ‘ಪ್ಯೂರಿ’ ಎಂದಳು. ನಾವು ರಾಗಿ ಸರಿ ಎನ್ನುವ ಹಾಗೆ ‘ತರಕಾರಿ ಸರಿ’ ಎಂದೆವು.

“ಅತ್ತೆ, ನಿಮಗೆ ತೊಂದರೆಯಾಗುವುದಿಲ್ಲ ತಾನೆ?” ಎಂದು ಅವಳು ಕೇಳಿದಳು.

“ನಿನ್ನ ಗಂಡನನ್ನು ಬೆಳೆಸಿದ್ದು ಯಾರಮ್ಮ?” ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತೆಂದು ಮೂರನೆಯ ವಾರದಲ್ಲಿ ತಿಳಿಯಿತು.

ಮೊದಲನೆಯ ಪಾಠ ಕ್ಯಾರೆಟ್ಟಿನದು. ಹಬೆಯಲ್ಲಿ ಬೇಯಿಸುವುದಕ್ಕೆ ನಾವು ಹೊಸ ಪಾತ್ರೆಯನ್ನೇನೂ ಕೊಳ್ಳಲಿಲ್ಲ. ಇಡ್ಲಿ ಪಾತ್ರೆ ಇತ್ತು. ತಳದಲ್ಲಿ ಎರಡು ಲೋಟ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ತೊಳೆದು ಸಿಪ್ಪೆ ಹೆರೆದ ಕ್ಯಾರೆಟ್. ನೀರು ತರಕಾರಿಗೆ ಮುಟ್ಟದಂತೆ ನೋಡಿಕೊಂಡರೆ ಸಾಕು. ಮುಟ್ಟಿದರೆ ಅದು ಹಬೆಯ ಅಡಿಗೆಯಲ್ಲ, ನೀರಿನ ಅಡಿಗೆ, ತರಕಾರಿಯ ಸತ್ವ ಅಷ್ಟಿಷ್ಟು ನೀರಿಗೆ ಇಳಿಯುತ್ತದೆ. ಇದೆಲ್ಲ ನಮಗೆ ಗೊತ್ತಿತ್ತು. ಆದರೆ ಪಲ್ಯಕ್ಕೆ ಹೆಚ್ಚುವಂತೆ ಒಂದು ದಪ್ಪ, ಒಂದು ಸಣ್ಣ ಎಂದು ಅಂದಾಜಿನಲ್ಲಿ ಹೆಚ್ಚಿದ್ದೆವು. ಹತ್ತು ನಿಮಿಷವಾದ ಮೇಲೆ ಸಣ್ಣ ಹೋಳೊಂದನ್ನು ಚಾಕುವಿನಿಂದ ಚುಚ್ಚಿ ನೋಡಿದೆವು. ಸಲೀಸಾಗಿ ಇಳಿಯಿತು. ಆಯಿತೆಂದು ಇಳಿಸಿ, ಮಿಕ್ಸಿಗೆ ಹಾಕಿ ತಿರುಗಿಸಿದೆವು. ಕಣ್ಣಿಗೆ ಅದು ಚೆಂದದ ಕೇಸರಿ ಬಣ್ಣದ ಸರಿಯಾಗಿಯೇ ಕಂಡಿತು.

ಮಗು ಎರಡನೆಯ ಚಮಚಕ್ಕೆ ಓಕರಿಸಿತು. ಕಣ್ಣಲ್ಲಿ ನೀರು ಬಂದು, ನಾಲಿಗೆಯನ್ನು ಮುಂದಕ್ಕೆ ತಳ್ಳಿ ಎಲ್ಲವನ್ನೂ ಗಲ್ಲದ ಮೇಲೆ ಸುರಿಸಿಕೊಂಡಿತು. ನಾವು ಒಂದಿಷ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡಿದೆವು. ಸಣ್ಣ ರವೆಯಂತಹ ಕಾಳುಗಳು ಸಿಕ್ಕವು.

ಮಿಕ್ಸಿಯ ಗುಣ ಆವತ್ತು ತಿಳಿಯಿತು. ಬೇಯದೆ ಗಟ್ಟಿಯಾಗಿ ಉಳಿದುದನ್ನು ಮಿಕ್ಸಿ ಮೆತ್ತಗೆ ಮಾಡುವುದಿಲ್ಲ. ಅದನ್ನು ಸಣ್ಣದು ಮಾಡುತ್ತದೆ, ಅಷ್ಟೆ. ಗಟ್ಟಿ ಹೋಳು ಗಟ್ಟಿ ರವೆಯಾಗುತ್ತದೆ. ಮೆತ್ತಗೆ ಮಾಡಬೇಕಾದುದು ಹಬೆಯೇ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಅಂಟು ಚೆನ್ನಾಗಿ ಬಿಸಿಯಾದಾಗ ಕರಗಿ ಸಡಿಲವಾಗುತ್ತದೆ. ಆ ಅಂಟು ಬಿಟ್ಟ ಮೇಲೆ ಬೆರಳಲ್ಲಿ ಹಿಸುಕಿದರೂ ತರಕಾರಿ ತಾನಾಗಿ ಸರಿಯಾಗುತ್ತದೆ. ಹುಳಿ ಸೇರಿದರೆ ಅದೇ ಅಂಟು ಹಟ ಹಿಡಿಯುತ್ತದೆ. ತರಕಾರಿ ಬೆಂದ ಮೇಲೆಯೇ ಸಾರಿಗೆ ಹುಣಿಸೆಹುಳಿ ಬಿಡಬೇಕೆಂದು ನಮ್ಮ ತಾಯಂದಿರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಮಗುವಿನ ಸರಿಗೆ ಹುಳಿ ಹಣ್ಣೇನಾದರೂ ಬೆರೆಸುವುದಿದ್ದರೆ ಅದೂ ಬೆಂದ ಮೇಲೆಯೇ.

ಆಮೇಲೆ ನಾವು ಮಾಡಿಕೊಂಡ ಕ್ರಮ ಹೀಗೆ. ಕ್ಯಾರೆಟ್ಟನ್ನು ಬೆರಳಿನ ಉಗುರಿಗಿಂತ ದೊಡ್ಡದಿಲ್ಲದಂತೆ, ಎಲ್ಲ ಹೋಳುಗಳೂ ಒಂದೇ ಅಳತೆಗೆ ಬರುವಂತೆ, ಸುಮಾರು 1 ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚುವುದು. ನೀರು ಕುದಿದು ಹಬೆ ಭರದಿಂದ ಬಂದ ಮೇಲೆ ತಟ್ಟೆ ಇಟ್ಟು, ಮುಚ್ಚಳ ಮುಚ್ಚಿ ಅಲ್ಲಿಂದ ನಿಮಿಷ ಎಣಿಸುವುದು. ಕ್ಯಾರೆಟ್ಟಿಗೆ 15 ನಿಮಿಷ ಬೇಕು. ಸಿಹಿಗುಂಬಳಕ್ಕೆ 10ರಿಂದ 12. ಸಿಪ್ಪೆ ಮತ್ತು ಬೀಜ ತೆಗೆದ ಸೇಬಿಗೆ 7-8 ನಿಮಿಷ ಸಾಕು. ಆದರೆ ಗಡಿಯಾರ ಹೇಳಿದುದೇ ಕೊನೆಯ ಮಾತಲ್ಲ. ಬೆಂಗಳೂರಿನಲ್ಲಿರುವ ನಮ್ಮ ಬೀಗಿತ್ತಿಯವರು ಇದೇ ಲೆಕ್ಕ ಹಿಡಿದು ಮಾಡಿ, ಕ್ಯಾರೆಟ್ ಇನ್ನೂ ಗಟ್ಟಿ ಎಂದು ಫೋನ್ ಮಾಡಿದರು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ನಮ್ಮ ಮುಂಬಯಿಯಲ್ಲಿ 100ಕ್ಕೆ. ಹಬೆಯ ಬಿಸಿಯೂ ಅಷ್ಟು ಕಡಿಮೆ, ಹೊತ್ತು ತುಸು ಹೆಚ್ಚು.

ಆದುದರಿಂದ ಕೊನೆಯ ಮಾತು ಬೆರಳಿನದು. ಇರುವುದರಲ್ಲಿ ಎಲ್ಲಕ್ಕಿಂತ ದಪ್ಪವಾದ ಹೋಳನ್ನು ತೆಗೆದು, ತುಸು ಆರಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲಗೆ ಅದುಮಬೇಕು. ಬೆಣ್ಣೆಯಂತೆ ಚಪ್ಪಟೆಯಾದರೆ ಬೆಂದಿದೆ. ನಡುವಿನ ದಿಂಡು ಮಾತ್ರ ಜಾರಿ ಹೊರಗೆ ಬಂದರೆ ಇನ್ನೂ ಐದು ನಿಮಿಷ ಬೇಕು. ಚಾಕು ಈ ಭೇದವನ್ನು ಹೇಳುವುದಿಲ್ಲ, ಅದು ಹರಿತವಾಗಿರುತ್ತದೆ. ಮಗುವಿನ ಒಸಡಿಗೆ ಹರಿತವಿಲ್ಲ.

ಮಿಕ್ಸಿಯ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆವು. ಅರ್ಧ ಹಿಡಿ ತರಕಾರಿ ದೊಡ್ಡ ಜಾರಿನ ಗೋಡೆಗೆ ಅಂಟಿಕೊಂಡು ತಿರುಗುವುದೇ ಇಲ್ಲ. ಅದಕ್ಕೆಂದು ಚಟ್ನಿ ಜಾರಿಗೆ ಹಾಕಿದೆವು. ಜಾರನ್ನು ಎರಡು ಸಲ ತೊಳೆದೇ ಇದ್ದೆವು. ಆದರೂ ಮಗು ಮುಖ ಕಿವುಚಿತು. ನಾವು ರುಚಿ ನೋಡಿದರೆ ಹಿಂದಿನ ದಿನದ ಒಣಮೆಣಸಿನ ಚಟ್ನಿಯ ಖಾರ! ಖಾರ ಜಾರಿನಲ್ಲಿರಲಿಲ್ಲ, ಮುಚ್ಚಳದ ರಬ್ಬರ್ ಉಂಗುರದ ಸಂದಿನಲ್ಲಿ ಕೂತಿತ್ತು. ಮಗುವಿಗೆಂದೇ ಸಣ್ಣ ಜಾರೊಂದನ್ನು ಮುಚ್ಚಳ ಸಮೇತ ಬೇರೆ ಇಟ್ಟೆವು. ಆಲೂಗಡ್ಡೆಯನ್ನು ಮಾತ್ರ ಆ ಜಾರಿಗೂ ಹಾಕುವುದಿಲ್ಲ. ಅಲಗಿನ ವೇಗಕ್ಕೆ ಅದರ ಪಿಷ್ಟ ಬಿಡಿಸಿಕೊಂಡು, ಸರಿ ಹೋಗಿ ಗೋಂದಾಗುತ್ತದೆ. ಬಿಸಿಯಿರುವಾಗಲೇ ಚಮಚದ ಹಿಂಬದಿಯಿಂದ ಸ್ಟೀಲಿನ ಜರಡಿಯ ಮೇಲೆ ಒತ್ತಿ ಇಳಿಸಿದರೆ ನುಣ್ಣಗೆ ಬರುತ್ತದೆ. ಹಸಿ ಬಟಾಣಿಯ ಸಿಪ್ಪೆಯನ್ನೂ ಹೀಗೆಯೇ ಜರಡಿಯಲ್ಲಿ ತಡೆಯುತ್ತೇವೆ.

ತೆಳುವಾಗಿಸಲು ಇಡ್ಲಿ ಪಾತ್ರೆಯ ತಳದ ನೀರನ್ನೇ ಒಂದೆರಡು ಚಮಚ ಹಾಕುತ್ತೇವೆ. ಅತಿ ನೀರಾಗಬಾರದು. ಚಮಚವನ್ನು ಓರೆ ಮಾಡಿದರೆ ಸರಿ ಸಾರಿನಂತೆ ಹರಿದುಹೋಗದೆ ಅಲ್ಲೇ ನಿಂತು ನಿಧಾನವಾಗಿ ಜಾರಬೇಕು. ಮಗುವಿನ ಹೊಟ್ಟೆ ಸಣ್ಣದು. ನೀರಿನಿಂದಲೇ ತುಂಬಿಸಿದರೆ ಆಹಾರಕ್ಕೆ ಜಾಗ ಉಳಿಯುವುದಿಲ್ಲ. ಉಪ್ಪು, ಸಕ್ಕರೆ ಒಂದು ವರ್ಷದವರೆಗೆ ಬೇಡವೆಂದು ವೈದ್ಯರು ಹೇಳಿದ್ದರಿಂದ ಅದರ ಗೊಡವೆಯೇ ಇರಲಿಲ್ಲ.

ಇನ್ನು ಮೂರನೆಯ ವಾರದ ಮಾತು. ಇದನ್ನು ಬರೆಯುವುದೋ ಬೇಡವೋ ಎಂದು ನಾವಿಬ್ಬರೂ ಸ್ವಲ್ಪ ಹೊತ್ತು ಚರ್ಚೆ ಮಾಡಿದೆವು. ಬರೆಯುವುದೇ ಸರಿ ಎಂದು ಕೊನೆಗೆ ಅನ್ನಿಸಿತು. ಚಮಚ ಯಾರ ಕೈಯಲ್ಲಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ತಪ್ಪು ಇಬ್ಬರದೂ.

ಅಂದು ಸಿಹಿಗುಂಬಳದ ಸರಿ. ಬೇರೆ ದಿನಗಳಲ್ಲಿ ಬೆಂದ ಹೋಳುಗಳನ್ನು ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆರಿಸಿಯೇ ಮಿಕ್ಸಿಗೆ ಹಾಕುತ್ತಿದ್ದೆವು. ಬಿಸಿಬಿಸಿ ಪದಾರ್ಥವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಿದರೆ ಒಳಗಿನ ಹಬೆ ಮುಚ್ಚಳವನ್ನೇ ಎತ್ತಿ ಚಿಮ್ಮಿಸುತ್ತದೆ ಎಂಬ ಭಯಕ್ಕೆ ಹಾಗೆ ಮಾಡುತ್ತಿದ್ದೆವು. ಅಂದು ಮಗು ನಿದ್ದೆಯಿಂದ ಬೇಗ ಎದ್ದು ಅಳತೊಡಗಿತು. ಆರಿಸುವುದಕ್ಕೆ ವ್ಯವಧಾನವಿರಲಿಲ್ಲ. ಮುಚ್ಚಳವನ್ನು ಬಟ್ಟೆಯಿಂದ ಅದುಮಿ ಹಿಡಿದು ಹಾಗೆಯೇ ತಿರುಗಿಸಿ, ಅನ್ನಪ್ರಾಶನಕ್ಕೆ ಬಂದ ಬೆಳ್ಳಿಯ ಬಟ್ಟಲಿಗೆ ಸುರಿದು, ಫ್ಯಾನಿನ ಕೆಳಗೆ ಇಟ್ಟೆವು. ಹತ್ತು ನಿಮಿಷ ಮಗುವನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ಕಾಗೆ ತೋರಿಸಿದ್ದಾಯಿತು. ಬಂದು ಬೆರಳಿಟ್ಟು ನೋಡಿದೆವು. ಮೇಲೆ ತೆಳುವಾದ ಕೆನೆಯಂತೆ ಕಟ್ಟಿತ್ತು, ಬೆಚ್ಚಗಿತ್ತು. ಮೊದಲ ಚಮಚ ಮೇಲಿನಿಂದ ತೆಗೆದದ್ದು. ಮಗು ಚಪ್ಪರಿಸಿತು. ಎರಡನೆಯದೂ ಹಾಗೆಯೇ. ಮೂರನೆಯದು ಬಟ್ಟಲಿನ ನಡುವಿನಿಂದ, ಆಳದಿಂದ ಬಂತು.

ಮಗು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಉಸಿರು ಕಟ್ಟಿದಂತೆ ಬಾಯಿ ತೆರೆದು ಚೀರಿತು. ಆ ಮೌನವೇ ಇಂದಿಗೂ ನಮ್ಮ ಕಿವಿಯಲ್ಲಿದೆ.

ಸರಿಯನ್ನು ಬೆರಳಿನಿಂದ ಹೊರಕ್ಕೆ ತೆಗೆದೆವು. ಅಂಗುಳಿಗೆ ಅಂಟಿದುದು ಸುಲಭಕ್ಕೆ ಬಿಡಲಿಲ್ಲ. ನಮ್ಮಲ್ಲೊಬ್ಬರು ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದರು. ಇನ್ನೊಬ್ಬರು ಗಾಬರಿಯಲ್ಲಿ ಜೇನುತುಪ್ಪದ ಬಾಟಲಿಗೆ ಕೈ ಹಾಕಿದರು. ದೇವರ ದಯೆ, ಪಕ್ಕದ ಮನೆಯವರು ತಡೆದರು. ಆಟೋ ಹಿಡಿದು ವೈದ್ಯರಲ್ಲಿಗೆ ಹೋದೆವು. ಕೆಳದುಟಿಯ ಒಳಗೆ ಮೆಂತ್ಯದ ಕಾಳಿನಷ್ಟು ಬೊಬ್ಬೆ, ಅಂಗುಳಲ್ಲಿ ಕೆಂಪು ಗುರುತು. ಅದೃಷ್ಟಕ್ಕೆ ಅದಕ್ಕಿಂತ ಹೆಚ್ಚಿರಲಿಲ್ಲ. ಸುಟ್ಟ ಜಾಗಕ್ಕೆ ಜೇನು, ತುಪ್ಪ, ಹಲ್ಲಿನ ಪೇಸ್ಟು ಯಾವುದನ್ನೂ ಹಚ್ಚಬಾರದು, ತಣ್ಣೀರಿನ ತಂಪೇ ಸರಿಯೆಂದು ವೈದ್ಯರು ಹೇಳಿದರು. ಅದರಲ್ಲೂ ಜೇನನ್ನು ಒಂದು ವರ್ಷ ತುಂಬದ ಮಗುವಿನ ಬಾಯಿಗೆ ಮುಟ್ಟಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಕ್ರಿಮಿಯ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗುತ್ತವೆ.

ಸಂಜೆ ಸೊಸೆ ಬಂದಳು. ಫೋನಿನಲ್ಲಿ ಹೇಳುವ ಧೈರ್ಯ ನಮಗಿರಲಿಲ್ಲ. ಹೇಳಿದೆವು. ಅವಳು ಏನೂ ಅನ್ನಲಿಲ್ಲ. ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಇಷ್ಟೇ ಕೇಳಿದಳು: “ಮಾವ, ಬೆರಳಿಟ್ಟು ನೋಡಿದಿರಲ್ಲ, ಆದರೂ ಹೇಗಾಯಿತು?”

ಅದು ಆಪಾದನೆಯಾಗಿರಲಿಲ್ಲ, ಪ್ರಶ್ನೆಯಾಗಿತ್ತು. ನಮ್ಮಲ್ಲಿ ಉತ್ತರವಿರಲಿಲ್ಲ.

ಮಾರನೆಯ ದಿನ ಮಗ ಅಡಿಗೆಮನೆಯ ಉಷ್ಣಮಾಪಕವೊಂದನ್ನು ತಂದುಕೊಟ್ಟ. ಮೊನೆಯನ್ನು ಪದಾರ್ಥದೊಳಗೆ ಚುಚ್ಚಿದರೆ ಅಂಕಿ ತೋರಿಸುವ ಕಡ್ಡಿ. ಅವನು ತಂದದ್ದು ನಮ್ಮನ್ನು ಸಮಾಧಾನಪಡಿಸಲು. ನಾವು ಅದನ್ನು ಹಿಡಿದು ವಿದ್ಯಾರ್ಥಿಗಳಾದೆವು. ಮತ್ತೆ ಅಷ್ಟೇ ಸಿಹಿಗುಂಬಳ, 150 ಗ್ರಾಮ್, ಅದೇ ಬಟ್ಟಲು, ಅದೇ ಫ್ಯಾನು, ಅದೇ ಹತ್ತು ನಿಮಿಷ. ಮೇಲ್ಮೈಯಲ್ಲಿ 43 ಡಿಗ್ರಿ. ಕಡ್ಡಿಯನ್ನು ನಡುವಿಗೆ ಇಳಿಸಿದಾಗ 61! ಒಂದೇ ಬಟ್ಟಲಿನಲ್ಲಿ ಎರಡು ಊರುಗಳ ಹವೆ.

ಇದಕ್ಕೆ ಕಾರಣ ಕಾಫಿ ಕುಡಿಯುವವರಿಗೆ ತಿಳಿಯುವುದು ಕಷ್ಟವಲ್ಲ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಎತ್ತಿ ಸುರಿದು ಆರಿಸುತ್ತೇವೆ. ಸುರಿಯದೆ ಇಟ್ಟರೂ ನೀರಿನಂತಹ ಪದಾರ್ಥ ತನ್ನೊಳಗೇ ಮೇಲೆ ಕೆಳಗೆ ಓಡಾಡಿ ಬಿಸಿಯನ್ನು ಹಂಚಿಕೊಳ್ಳುತ್ತದೆ. ಸರಿ ಮಂದವಾದುದು, ಓಡಾಡುವುದಿಲ್ಲ. ಮೇಲ್ಭಾಗ ಗಾಳಿಗೆ ಆರಿ, ಕೆಳಗಿನ ಬಿಸಿಗೆ ಅದೇ ಕಂಬಳಿಯಾಗುತ್ತದೆ. ಬಾಯಿಯಲ್ಲಿ ಮತ್ತೊಂದು ತೊಂದರೆ. ಬಿಸಿ ನೀರು ಬಾಯಿಂದ ಜಾರಿ ಹೋಗುತ್ತದೆ. ಸರಿ ಅಂಗುಳಿಗೆ ಅಂಟಿ ಕೂತು ತನ್ನ ಬಿಸಿಯೆಲ್ಲವನ್ನೂ ಅಲ್ಲೇ ಇಳಿಸುತ್ತದೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡುಗಳಲ್ಲಿ ಸುಡಬಲ್ಲುದು. ಮಗುವಿನ ಚರ್ಮ ಅದಕ್ಕಿಂತ ತೆಳು, ಅಷ್ಟೂ ಹೊತ್ತು ಬೇಕಿಲ್ಲ. ಉಗುಳುವುದಕ್ಕೂ ಅದಕ್ಕೆ ಬಾರದು.

ಇನ್ನೊಂದು ವಿಷಯ ನಮ್ಮನ್ನು ಇನ್ನೂ ನಾಚಿಸಿತು. ನಮ್ಮ ಬೆರಳಿಗೆ ‘ಬೆಚ್ಚಗೆ, ಪರವಾಗಿಲ್ಲ’ ಎನ್ನಿಸಿದಾಗ ಕಡ್ಡಿಯಲ್ಲಿ ಎಷ್ಟಿದೆ ಎಂದು ನೋಡಿದೆವು. 50 ಡಿಗ್ರಿ ಇತ್ತು. 40 ವರ್ಷ ಕಾವಲಿಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕಿದ ಬೆರಳುಗಳು ಅವು. ಬಿಸಿಯನ್ನು ಬಿಸಿ ಎಂದು ಹೇಳುವುದನ್ನು ಎಂದೋ ಬಿಟ್ಟಿವೆ. ನಾಲಿಗೆಯೂ ಸಾಕ್ಷಿಗೆ ಬಾರದು. ನಾವು ಆನಂದವಾಗಿ ಹೀರುವ ಕಾಫಿಗೆ ಕಡ್ಡಿ ಇಟ್ಟರೆ 62! ನಮ್ಮದು ಕಾಫಿಯ ನಾಲಿಗೆ. ಅದು ‘ಸರಿಯಾಗಿದೆ’ ಎಂದದ್ದನ್ನು ನಂಬಿ 6 ತಿಂಗಳ ಮಗುವಿನ ಬಾಯಿಗೆ ಇಡುವುದೆಂದರೆ ಕಾಫಿಯನ್ನೇ ಇಟ್ಟಂತೆ.

ನಂಬಬಹುದಾದ ಜಾಗ ಮುಂಗೈಯ ಒಳಬದಿ, ನಾಡಿ ನೋಡುವ ಜಾಗ. ಅಲ್ಲಿನ ಚರ್ಮ ಇನ್ನೂ ಎಳೆಯದು. ಸರಿಯನ್ನು ತಳದಿಂದ ಚೆನ್ನಾಗಿ ಕಲಸಿ, ಒಂದು ಬೊಟ್ಟನ್ನು ಅಲ್ಲಿ ಇಟ್ಟು, ಮೂರು ಎಣಿಸುವವರೆಗೆ ಬಿಡಬೇಕು. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಏನೋ ತಗಲಿದೆ ಎನ್ನುವಷ್ಟೇ ತಿಳಿಯಬೇಕು. ಕಡ್ಡಿಯಲ್ಲಿ ಅದು 37ರ ಸುಮಾರು, ಅಂದರೆ ನಮ್ಮ ಮೈಯ ಬಿಸಿ, ತಾಯಿಯ ಹಾಲಿನ ಬಿಸಿ. ಹಿರಿಯರು ‘ಉಗುರುಬೆಚ್ಚಗೆ’ ಎಂದದ್ದು ಇದನ್ನೇ. ಮಾತು ಗೊತ್ತಿತ್ತು, ಅಳತೆ ಮರೆತಿತ್ತು.

ಆರಿಸುವ ವಿಧಾನವನ್ನೂ ಬದಲಿಸಿದೆವು. ಬಟ್ಟಲಿಗೆ ಬದಲು ಊಟದ ತಟ್ಟೆ. 150 ಗ್ರಾಮ್ ಸರಿಯನ್ನು ತಟ್ಟೆಯಲ್ಲಿ ದೋಸೆಹಿಟ್ಟಿನಂತೆ ತೆಳ್ಳಗೆ ಹರಡಿ, ನಿಮಿಷಕ್ಕೊಮ್ಮೆ ಕಲಸಿ ಮತ್ತೆ ಹರಡುತ್ತಿದ್ದರೆ ಏಳೆಂಟು ನಿಮಿಷಗಳಲ್ಲಿ ಎಲ್ಲ ಕಡೆಯೂ ಒಂದೇ ಸಮನಾಗಿ 38ಕ್ಕೆ ಇಳಿಯುತ್ತದೆ. ಬಾಯಿಂದ ಊದಿ ಆರಿಸುವುದನ್ನೂ, ಚಮಚವನ್ನು ನಮ್ಮ ಬಾಯಲ್ಲಿ ಇಟ್ಟು ನೋಡಿ ಮಗುವಿಗೆ ಕೊಡುವುದನ್ನೂ ಬಿಟ್ಟೆವು. ನಮ್ಮ ಹುಳುಕು ಹಲ್ಲಿನ ಕ್ರಿಮಿಗಳನ್ನು ಮೊಮ್ಮಗಳಿಗೆ ಆಸ್ತಿ ಬರೆದುಕೊಡುವುದು ಬೇಡ. ಬೆಳ್ಳಿ ಚಮಚವನ್ನು ಬಿಸಿ ಸರಿಯಲ್ಲಿ ನೆಟ್ಟು ಇಡುವುದಿಲ್ಲ. ಬೆಳ್ಳಿಯಷ್ಟು ಬೇಗ ಬಿಸಿ ಸಾಗಿಸುವ ಲೋಹ ಇನ್ನೊಂದಿಲ್ಲ. ಸರಿ ಆರಿದರೂ ಚಮಚ ಚುರ್ ಎನ್ನಬಹುದು. ಮಗುವಿಗೆ ಈಗ ಮೆತ್ತನೆಯ ಪ್ಲಾಸ್ಟಿಕ್ ಚಮಚ.

ಇಲ್ಲಿಗೆ ಪಾಠ ಮುಗಿಯಿತೆಂದು ತಿಳಿದಿದ್ದೆವು. ಆದರೆ ಕಲಿತದ್ದನ್ನೇ ಅತಿಯಾಗಿ ನಂಬಿದರೂ ತಪ್ಪಾಗುತ್ತದೆ. ಉಗುರುಬೆಚ್ಚಗೆ ಎಂಬುದೇ ನಮಗೆ ಮಂತ್ರವಾಗಿಬಿಟ್ಟಿತು. ಬೆಳಿಗ್ಗೆ ಮಾಡಿದ ಸರಿಯಲ್ಲಿ ಅರ್ಧವನ್ನು ಮುಚ್ಚಿ ಕಟ್ಟೆಯ ಮೇಲೆ ಇಟ್ಟು, ಮಧ್ಯಾಹ್ನಕ್ಕೂ ಅದೇ ಬೆಚ್ಚಗಿರಲಿ ಎಂದು ಬಟ್ಟೆ ಸುತ್ತಿದೆವು. ಜೂನ್ ತಿಂಗಳ ಮುಂಬಯಿ, ಬೆವರು ಆರದ ಹವೆ. ಸೊಸೆ ಅಂದು ರಜೆಯಲ್ಲಿದ್ದಳು. ಬಟ್ಟೆ ಬಿಚ್ಚಿ ನೋಡಿ, “ಅತ್ತೆ, ಇಡ್ಲಿ ಹಿಟ್ಟು ಹುಳಿ ಬರಲಿ ಎಂದು ನೀವು ಹೀಗೇ ಅಲ್ಲವೆ ಇಡುವುದು?” ಎಂದಳು.

ನಮಗೆ ಥಟ್ಟನೆ ಹೊಳೆಯಿತು. ಹಿಟ್ಟು ಹುಳಿ ಬರುವುದೂ ಕ್ರಿಮಿಗಳಿಂದಲೇ, ಅವು ಒಳ್ಳೆಯವು ಎಂಬುದಷ್ಟೇ ಭೇದ. ಅವಕ್ಕೆ ಹಿತವಾದ ಬೆಚ್ಚನೆಯೇ ಭೇದಿ ತರುವ ಕ್ರಿಮಿಗಳಿಗೂ ಹಿತ. 5 ಡಿಗ್ರಿಗಿಂತ ತಣ್ಣಗಿದ್ದರೆ ಅವು ಮಂಕಾಗುತ್ತವೆ. 60 ದಾಟಿದರೆ ಬೆಳೆಯಲಾರವು. ನಡುವಿನ ಬೆಚ್ಚಗಿನಲ್ಲಿ ಸಂತೆ ನೆರೆಯುತ್ತವೆ. ಕೆಟ್ಟಿತೆಂದು ಮೂಗಿಗೆ ತಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಎಷ್ಟೋ ಸಲ ವಾಸನೆ, ಬಣ್ಣ ಎರಡೂ ಬದಲಾಗುವುದೇ ಇಲ್ಲ. ಆದುದರಿಂದ ಉಗುರುಬೆಚ್ಚಗೆ ಎಂಬುದು ಬಾಯಿಗೆ ಹೋಗುವ ಆ ಹದಿನೈದು ನಿಮಿಷಕ್ಕೆ ಸರಿ. ಇಟ್ಟುಕೊಳ್ಳುವುದಕ್ಕೆ ಅದಕ್ಕಿಂತ ಕೆಟ್ಟ ಹದ ಇನ್ನೊಂದಿಲ್ಲ. ಬಾಯಿಯ ಹದ ಬೇರೆ, ಪಾತ್ರೆಯ ಹದ ಬೇರೆ. ನಾವು ಕಲಿತುದರ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಈಗ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ಭಾನುವಾರ ಅರ್ಧ ಕಿಲೋ ಸಿಹಿಗುಂಬಳವನ್ನು ಒಟ್ಟಿಗೆ ಬೇಯಿಸಿ ಸರಿ ಮಾಡುತ್ತೇವೆ. ಆ ಹೊತ್ತಿನ ಪಾಲನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡುತ್ತೇವೆ. ಉಳಿದುದನ್ನು ಅಗಲವಾದ ಸ್ಟೀಲಿನ ಪಾತ್ರೆಗೆ ಹಾಕಿ, ತಣ್ಣೀರು ತುಂಬಿದ ಪರಾತದಲ್ಲಿ ಅದನ್ನು ಇಟ್ಟು, ಕಲಸುತ್ತ ಬೇಗ ಆರಿಸುತ್ತೇವೆ. ಆರಿದ ಕೂಡಲೇ ಮಂಜುಗಡ್ಡೆಯ ತಟ್ಟೆಯ ಗುಳಿಗಳಿಗೆ ತುಂಬಿ, ಮುಚ್ಚಿ, ಫ್ರೀಜರಿಗೆ ಸೇರಿಸುತ್ತೇವೆ. ಬೆಂದ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ನಮ್ಮ ಬೇಸಿಗೆಯ ದಿನಗಳಲ್ಲಿ ಒಂದೇ ಗಂಟೆ ಎಂದು ಇಟ್ಟುಕೊಂಡಿದ್ದೇವೆ. ಮರುದಿನ ಗಟ್ಟಿಯಾದ ತುಂಡುಗಳನ್ನು ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದಿಡುತ್ತೇವೆ. ಒಂದು ತಿಂಗಳೊಳಗೆ ಮುಗಿಸುತ್ತೇವೆ. ಫ್ರಿಜ್ಜಿನ ಕೆಳ ಅರೆಯಲ್ಲಿ ಇಟ್ಟರೆ ಎರಡು ದಿನ, ಅಷ್ಟೆ.

ಬೇಕಾದಾಗ ಎರಡು ಮೂರು ತುಂಡುಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಅರೆಗೆ ಇಳಿಸುತ್ತೇವೆ, ಅಡಿಗೆಕಟ್ಟೆಗಲ್ಲ. ಬೆಳಿಗ್ಗೆ ಸಣ್ಣ ಪಾತ್ರೆಯಲ್ಲಿ ಹಬೆಯಾಡುವಷ್ಟು, ಎಲ್ಲ ಕಡೆಯೂ ಗುಳ್ಳೆ ಬರುವಷ್ಟು ಬಿಸಿ ಮಾಡಿ, ಆಮೇಲೆ ತಟ್ಟೆಯಲ್ಲಿ ಹರಡಿ ಆರಿಸುತ್ತೇವೆ. ಹೇಗೂ ಆರಿಸುವುದೇ ಆದರೆ ಸುಮ್ಮನೆ ಬೆಚ್ಚಗೆ ಮಾಡಿದರೆ ಸಾಲದೆ ಎಂದು ಮೊದಲು ನಾವೂ ಕೇಳಿದ್ದೆವು. ಸಾಲದು. ಬಿಸಿ ಮಾಡುವುದು ಕ್ರಿಮಿಗಳಿಗಾಗಿ, ಆರಿಸುವುದು ಮಗುವಿಗಾಗಿ. ಹೀಗೆ ಬಿಸಿ ಮಾಡುವುದು ಒಮ್ಮೆ ಮಾತ್ರ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ದಿನ ಕಡ್ಡಿ ಚುಚ್ಚಿ ನೋಡಿದೆವು. ಒಂದು ಕಡೆ 35, ಎರಡು ಬೆರಳಿನಾಚೆ 70! ಅದು ಪದಾರ್ಥವನ್ನು ಒಂದೇ ಸಮನಾಗಿ ಕಾಯಿಸುವುದಿಲ್ಲ. ಬಟ್ಟಲು ತಣ್ಣಗಿದ್ದು ಒಳಗೆ ಕೆಂಡವಿರಬಹುದು. ಬಳಸಲೇಬೇಕಾದವರು ಹೊರಗೆ ತೆಗೆದು ಒಂದು ನಿಮಿಷ ಬಿಟ್ಟು, ತಳದಿಂದ ಕಲಸಿ, ಮುಂಗೈಗೆ ಇಟ್ಟು ನೋಡಿಯೇ ಕೊಡಬೇಕು. ನಾವು ಒಲೆಗೇ ಮರಳಿದೆವು.

ಮಗು ತಿನ್ನುತ್ತಿದ್ದ ಬಟ್ಟಲಿನಲ್ಲಿ ಉಳಿದುದನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ. ಬಾಯಿಗೆ ಹೋಗಿ ಬಂದ ಚಮಚ ಎಂಜಲನ್ನು ಬಟ್ಟಲಿಗೆ ತಂದಿರುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಅದು ಕೆಡುತ್ತದೆ. ಅನ್ನ ಚೆಲ್ಲಬಾರದೆಂದು ಕಲಿತು ಬೆಳೆದ ನಮಗೆ ಇದು ಎಲ್ಲಕ್ಕಿಂತ ಕಷ್ಟದ ನಿಯಮವಾಗಿತ್ತು. ಈಗ ಎರಡೇ ಚಮಚ ಬಡಿಸಿ, ಕೇಳಿದರೆ ಮತ್ತೆ ಬಡಿಸುತ್ತೇವೆ. ಚೆಲ್ಲುವುದು ತಾನಾಗಿ ಕಡಿಮೆಯಾಯಿತು.

ಹಣ್ಣುಗಳ ಕಡೆ ಇಷ್ಟು ಗದ್ದಲವಿಲ್ಲ. ಸೇಬು, ಪೇರ್‌ನಂತಹ ಗಟ್ಟಿ ಹಣ್ಣಿಗೆ ಹಬೆ ಬೇಕೇ ಬೇಕು; ಹಸಿ ಸೇಬಿನ ಚೂರು ಗಂಟಲಿನಲ್ಲಿ ಸಿಕ್ಕಿಕೊಳ್ಳುವಂತಹುದು. ಚೆನ್ನಾಗಿ ಕಳಿತ ಬಾಳೆ, ಪಪಾಯಿ, ಬೀಜ ಸಿಪ್ಪೆ ತೆಗೆದ ಸಪೋಟಕ್ಕೆ ಒಲೆಯೂ ಬೇಡ, ಮಿಕ್ಸಿಯೂ ಬೇಡ. ತೊಳೆದ ಕೈಯಲ್ಲಿ ಚಮಚದಿಂದ ಹಿಸುಕಿದರೆ ಆಯಿತು. ಸೇಬು ಬೆಂದಾಗ ಮಾತ್ರ ಸಿಹಿಗುಂಬಳದಷ್ಟೇ ಕಪಟಿ. ಮೇಲೆ ತಣ್ಣಗೆ, ಒಳಗೆ ಬಿಸಿ.

ಮೊಮ್ಮಗಳಿಗೆ ಈಗ 8 ತಿಂಗಳು. ತುಟಿಯ ಗುರುತು ಒಂದು ವಾರದಲ್ಲೇ ಮಾಯವಾಯಿತು. ಸರಿಯನ್ನೂ ಈಗ ಅಷ್ಟು ನುಣ್ಣಗೆ ಮಾಡುವುದಿಲ್ಲ. ಬರೀ ನುಣ್ಣನೆಯದನ್ನೇ ಕೊಡುತ್ತಾ ಹೋದರೆ ಮಗು ಅಗಿಯುವುದನ್ನು ಕಲಿಯದು ಎಂದು ವೈದ್ಯರು ಹೇಳಿದ್ದಾರೆ. ಆದುದರಿಂದ ಮಿಕ್ಸಿಯನ್ನು ಬಿಟ್ಟು, ಬೆರಳಲ್ಲಿ ಅದುಮಿದರೆ ಚಪ್ಪಟೆಯಾಗುವಂತೆ ಬೇಯಿಸಿ, ಚಮಚದಿಂದ ಒರಟಾಗಿ ಹಿಸುಕಿ ಕೊಡುತ್ತೇವೆ. ಮೊದಲ ದಿನದ ಕ್ಯಾರೆಟ್ಟಿನ ರವೆಗೂ ಈ ಮೆತ್ತನೆಯ ಗಂಟುಗಳಿಗೂ ಇರುವ ಭೇದ ನಮಗೂ ಗೊತ್ತು, ಈಗ ಮಗುವಿಗೂ ಗೊತ್ತು.

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಮಗ ಸೊಸೆ ಲೋಕಲ್ ಹಿಡಿದು ಹೋದ ಮೇಲೆ ಕೂಸು ಅಜ್ಜ ಅಜ್ಜಿಯರ ಮಡಿಲಿಗೆ ಬರುತ್ತದೆ. ಊರಿನಿಂದ ಸರದಿಯ ಮೇಲೆ ಬಂದು ಇರುವ ಬೀಗರೂ ಇದ್ದಾರೆ. ನಮ್ಮಂತೆ ಅವರೂ ‘ಬೆಳೆಸಿದ್ದು ಯಾರು?’ ಎಂದು ಕೇಳಿರಬಹುದು. ಅವರಿಗಾಗಿ ಇದನ್ನು ಬರೆದೆವು.

ಕಳೆದ ವಾರ ಸೊಸೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹಿಂದಿರುಗಿ ನೋಡಿದಳು. ನಾವು ತಟ್ಟೆಯ ಮೇಲೆ ಸರಿ ಹರಡಿ, ಒಬ್ಬರ ಮುಂಗೈಗೆ ಇನ್ನೊಬ್ಬರು ಬೊಟ್ಟಿಟ್ಟು ಎಣಿಸುತ್ತಿದ್ದೆವು. “ಬರುತ್ತೇನೆ ಅತ್ತೆ, ಬರುತ್ತೇನೆ ಮಾವ” ಎಂದು ಹೇಳಿ ಹೊರಟಳು. ಆ ಘಟನೆಯಾದಂದಿನಿಂದ ಅವಳು ಮಧ್ಯಾಹ್ನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. ಅಂದು ಒಂದು ಸಲವೂ ಮಾಡಲಿಲ್ಲ.